ನಾಯಿ ನಗುತ್ತಿರುವ ಫೋಟೊ ಹಾಕಿದರೆ ಸಾಕಾ?

ಪ್ರಶ್ನೆ: ನಾಯಿಯನ್ನು ದತ್ತು ಕೊಡಬೇಕಿದೆ. ಪ್ರಕಟಣೆಗೆ ಯಾವ ಫೋಟೊ ಹಾಕಲಿ? ನಗುತ್ತಿರುವುದು ಒಂದಿದೆ.

ಮತ್ತೆ ಅದೇ ನಗು! ಬಾಯಿ ತೆರೆದ ನಾಯಿ ಹೆಚ್ಚಿನ ಸಲ ನಗುತ್ತಿರುವುದಿಲ್ಲ, ತೇಕುತ್ತಿರುತ್ತದೆ. ನಮ್ಮ ಹಾಗೆ ಮೈಯೆಲ್ಲ ಬೆವರುವ ಅನುಕೂಲ ಅದಕ್ಕಿಲ್ಲ, ಬೆವರೇನಿದ್ದರೂ ಪಾದದಡಿಯಲ್ಲಿ ಸ್ವಲ್ಪ. ಸೆಕೆಯಾದರೂ ಭಯವಾದರೂ ಬಾಯಿ ತೆರೆಯುತ್ತದೆ.

ಕುವೆಂಪುನಗರದ ತಾರಸಿಯೊಂದರಲ್ಲಿ, ಏಪ್ರಿಲ್ ಮಧ್ಯಾಹ್ನ, ಎಂಟು ತಿಂಗಳ ಕಂದು ಹೆಣ್ಣುನಾಯಿಯನ್ನು ಯಾರೋ ಹಿಡಿದು ನಿಲ್ಲಿಸಿ ಫೋಟೊ ತೆಗೆದರು ಅಂದುಕೊಳ್ಳಿ. ನೋಡಿದವರೆಲ್ಲ 'ಅಯ್ಯೋ, ಎಷ್ಟು ಖುಷಿಯಾಗಿದೆ' ಅನ್ನುತ್ತಾರೆ. ಬಾಯನ್ನು ಬೆರಳಿನಿಂದ ಮುಚ್ಚಿ ಉಳಿದ ಮುಖ ನೋಡಿ. ಕಿವಿ ಹಿಂದಕ್ಕೆ ಅಂಟಿದೆ, ಕಣ್ಣಿನ ಅಂಚಲ್ಲಿ ಬಿಳಿ ಕಾಣುತ್ತಿದೆ. ಈಗ ಬೆರಳು ತೆಗೆಯಿರಿ. ತುಟಿಯ ಮೂಲೆ ಹಿಂದಕ್ಕೆಳೆದು ಕೆನ್ನೆಯಲ್ಲಿ ನೆರಿಗೆ ಬಿದ್ದಿದೆ, ನಾಲಿಗೆ ಉದ್ದಕ್ಕೆ ಇಳಿದು ತುದಿ ಸೌಟಿನಂತೆ ಅಗಲವಾಗಿದೆ. ಇದು ಹೆದರಿದ, ಬಿಸಿಲಿಗೆ ಬಳಲಿದ ನಾಯಿ. ಇದನ್ನೇ ನಂಬಿ ಮಕ್ಕಳಿರುವ ಮನೆಯವರು ಒಯ್ಯುತ್ತಾರೆ. ಅದು ಮಂಚದ ಕೆಳಗೆ ಸೇರಿಕೊಂಡರೆ ವಾರದೊಳಗೆ ವಾಪಸ್.

ಅದೇ ನಾಯಿಯನ್ನು ಬೆಳಿಗ್ಗೆ ಏಳರ ಹೊತ್ತಿಗೆ, ಅದು ದಿನಾ ಮಲಗುವ ಜಗಲಿಯಲ್ಲಿ ನೋಡಿ. ಬಾಯಿ ಮುಚ್ಚಿರಬಹುದು, ಅಥವಾ ಸಡಿಲವಾಗಿ ತೆರೆದು ನಾಲಿಗೆ ಕೆಳಹಲ್ಲಿನ ಮೇಲಷ್ಟೇ ಇರಬಹುದು. ಹಣೆಯಲ್ಲಿ ಗೆರೆಯಿಲ್ಲ. ಮುಚ್ಚಿದ ಬಾಯಿ ಬೇಸರದ ಗುರುತಲ್ಲ, ದಯವಿಟ್ಟು. ನೀವು ಮಂಡಿಯೂರಿ ಫೋನನ್ನು ಅದರ ಕಣ್ಣಿನ ಮಟ್ಟಕ್ಕೆ ತನ್ನಿ, ಐದಾರು ಅಡಿ ದೂರದಿಂದ 2x ಇಟ್ಟು ತೆಗೆಯಿರಿ. ತೀರಾ ಹತ್ತಿರ ಹೋದರೆ ಮೂತಿ ದೊಡ್ಡದಾಗಿ ಮೈ ಪುಟ್ಟದಾಗಿ ಕಾಣುತ್ತದೆ. ಫ್ಲಾಶ್ ಬೇಡ. ಕೂತು ಕೊಡದ ನಾಯಿಯಾದರೆ ಅರ್ಧ ನಿಮಿಷ ವಿಡಿಯೊ ಮಾಡಿ, ಒಳ್ಳೆಯ ಚೌಕಟ್ಟು ಆರಿಸಿ.

ಆರೋಗ್ಯಕ್ಕೆ ಇನ್ನೊಂದು ಫೋಟೊ ಬೇಕು. ಪಕ್ಕದಿಂದ, ನಾಲ್ಕು ಕಾಲೂ ಬಾಲವೂ ಸೇರಿ, ನಿಂತಿರುವಾಗ. ಪಕ್ಕೆಲುಬು ಎದ್ದು ಕಾಣುತ್ತದೋ, ಹೊಟ್ಟೆ ಜೋತಿದೆಯೋ ಎಂಬುದು ಅದರಲ್ಲೇ ಗೊತ್ತಾಗುವುದು. ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಅದು ಕಜ್ಜಿಯಿಂದ ಕೂದಲುದುರಿದ ಜಾಗವನ್ನೂ ಕಣ್ಣಿನ ಪಿಸುರನ್ನೂ ನುಣುಪು ಮಾಡಿಬಿಡುತ್ತದೆ. ಕಜ್ಜಿ ಇದ್ದರೆ ಆ ಜಾಗದ್ದೇ ಒಂದು ಫೋಟೊ ಹಾಕಿ, ಚಿಕಿತ್ಸೆ ಶುರುವಾದ ದಿನವನ್ನು ಕೆಳಗೆ ಬರೆಯಿರಿ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಮರಿಗಳಾದರೆ ಫೋಟೊ ತೆಗೆದ ತಾರೀಕು ಕಡ್ಡಾಯ. ಒಂದೂವರೆ ತಿಂಗಳ ಮರಿ ಮೂರು ತಿಂಗಳಿಗೆ ಬೇರೆಯೇ ನಾಯಿ. 'ಎಷ್ಟು ದೊಡ್ಡದಾಗುತ್ತೆ' ಎಂದು ಎಲ್ಲರೂ ಕೇಳುತ್ತಾರೆ. ಬೀದಿಯ ಮರಿಗಳಾದರೆ ತಾಯಿ ಸಿಕ್ಕೀತು, ಅದನ್ನು ಬಕೆಟ್ಟಿನ ಪಕ್ಕ ನಿಂತಾಗ ತೆಗೆದು ಜೊತೆಗಿಡಿ. ಅಪ್ಪ ಯಾರೆಂದು ಗೊತ್ತಿರುವುದಿಲ್ಲವಾದ್ದರಿಂದ ಅದೂ ಅಂದಾಜೇ.