ಮುಖಕ್ಕೆ ಹೆಸರು ಕೊಡುವುದು ಕೆಳಗಿನ ಪಟ್ಟಿ

ಮುಖ ತೋರಿಸಿದರೆ ಕಂಪ್ಯೂಟರ್ ತಾನೇ ಹೆಸರು ಹೇಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹೇಳುವುದಿಲ್ಲ. ಮುಖ ಪತ್ತೆ ಮಾಡುವ ತಂತ್ರಾಂಶಕ್ಕೆ ಗೊತ್ತಾಗುವುದು ಈ ಚೌಕದಲ್ಲೊಂದು ಮುಖವಿದೆ ಎಂಬುದಷ್ಟೇ. ಮುಂದಿನ ಹಂತದಲ್ಲಿ ಆ ಮುಖ ಅಂಕಿಗಳ ಒಂದು ಸಾಲಾಗುತ್ತದೆ. 2015ರ ಫೇಸ್‌ನೆಟ್ ಎಂಬ ಮುಖ ಗುರುತಿಸುವ ವ್ಯವಸ್ಥೆಯಲ್ಲಿ ಅಂಥ 128 ಅಂಕಿಗಳಿದ್ದವು. ಎರಡು ಸಾಲುಗಳು ಹತ್ತಿರವಿದ್ದರೆ ಮುಖ ಒಬ್ಬರದೇ ಇರಬೇಕು. ಆದರೆ ಯಾರದು?

ಸುದ್ದಿವಾಹಿನಿಯ ಹಳೆಯ ಪ್ರಸಾರಗಳಲ್ಲಿ ಇದಕ್ಕೆ ಉತ್ತರ ಪರದೆಯ ಮೇಲೇ ಇರುತ್ತದೆ. ಬೈಟ್ ಕೊಡುವವರ ಎದೆಯ ಮಟ್ಟದಲ್ಲಿ ಕೆಲವು ಸೆಕೆಂಡು ಮೂಡಿ ಮರೆಯಾಗುವ ಹೆಸರಿನ ಪಟ್ಟಿ ಅದು. ನ್ಯೂಸ್‌ರೂಮಿನ ಮಾತಿನಲ್ಲಿ ಆಸ್ಟನ್. 1990ರ ದಶಕದಲ್ಲೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾದ ಸಾಟೊ ಮತ್ತು ಕನಾಡೆ ಸುದ್ದಿಯ ಮುಖಗಳನ್ನೂ ಹೆಸರುಗಳನ್ನೂ ಹೀಗೆ ಜೋಡಿಸಿದ್ದರು.

ಸೆಕೆಂಡಿಗೆ 25ರಂತೆ ಒಂದು ಗಂಟೆಯ ಪ್ರಸಾರದಲ್ಲಿ 90,000 ಫ್ರೇಮುಗಳು. ಸೆಕೆಂಡಿಗೊಂದು ತೆಗೆದರೆ 3,600 ಸಾಕು. ಪಟ್ಟಿಯಿರುವ ಜಾಗವನ್ನಷ್ಟೇ ಕತ್ತರಿಸಿ, ಮೂರು ಪಟ್ಟು ಹಿಗ್ಗಿಸಿ, ಓದಿಸಬೇಕು. ಕತ್ತರಿಸಿ ಹಿಗ್ಗಿಸುವುದು ffmpeg, ಚಿತ್ರದಲ್ಲಿನ ಅಕ್ಷರ ಓದುವುದು tesseract:

```
ffmpeg -i in.mp4 -vf "fps=1,crop=iw:ih*0.18:0:ih*0.70,scale=iw*3:-1" f%05d.png
tesseract f00012.png out -l kan --psm 6
```

ತೀರಾ ಕೆಳಗೆ ಓಡುವ ಟಿಕ್ಕರ್ ಈ ತುಂಡಿನೊಳಗೆ ಬರಕೂಡದು. ಅಲ್ಲಿರುವುದು ಊರಿನವರೆಲ್ಲರ ಹೆಸರು, ಪರದೆಯ ಮೇಲಿರುವವರದಲ್ಲ. ಹಾಗೆಂದು ಬಿಗಿಯಾಗಿ ಕತ್ತರಿಸಿದರೆ ಕನ್ನಡಕ್ಕೇ ಮೀಸಲಾದ ಪೆಟ್ಟು ಬೀಳುತ್ತದೆ: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದಿರುತ್ತವಲ್ಲ, ಅವೇ ಮೊದಲು ಹೋಗುತ್ತವೆ. ಚಿತ್ರ ಮಸುಕಾಗಿದ್ದರೂ ಅಷ್ಟೇ. 'ಸಿದ್ದರಾಮಯ್ಯ' ಎಂಬುದು 'ಸಿದರಾಮಯ' ಎಂದು ಹೊರಬರುತ್ತದೆ. ಕಣ್ಣಿಗೆ ಎರಡೇ ಒತ್ತು. ಯುನಿಕೋಡಿನಲ್ಲಿ ಮಾತ್ರ 11 ಸಂಕೇತಗಳಿದ್ದದ್ದು 7 ಆಗಿದೆ, ನಾಲ್ಕು ಮಾಯ. ಒಂದೆರಡು ತಪ್ಪನ್ನಷ್ಟೇ ಕ್ಷಮಿಸುವ ಹುಡುಕಾಟಕ್ಕೆ ಈ ಹೆಸರು ಸಿಗುವುದೇ ಇಲ್ಲ. ಆದ್ದರಿಂದ ಗೊತ್ತಿರುವ ಹೆಸರುಗಳ ಯಾದಿಯಲ್ಲಿ ಪ್ರತಿ ಹೆಸರಿಗೂ ಒತ್ತು ತೆಗೆದ ಇನ್ನೊಂದು ರೂಪವನ್ನು ಇಟ್ಟುಕೊಳ್ಳಿ. ಓದಿ ಬಂದದ್ದರ ಒತ್ತನ್ನೂ ತೆಗೆದು, ಆ ರೂಪದೊಡನೆ ಹೋಲಿಸಿ. ಒಂದೇ ಓದನ್ನು ನಂಬದೆ, ಪಕ್ಕಪಕ್ಕದ ಎರಡು ಮೂರು ಫ್ರೇಮುಗಳು ಒಪ್ಪಿದರೆ ಮಾತ್ರ ಹೆಸರು ದಾಖಲಿಸಿ.

ಹೆಸರು ಸಿಕ್ಕ ಮೇಲೆ ಅದು ಪಟ್ಟಿಯಿದ್ದಷ್ಟು ಹೊತ್ತಿಗೆ ಮಾತ್ರವಲ್ಲ, ಆ ಮುಖ ಕಾಣುವ ಇಡೀ ಶಾಟಿಗೆ ಸಲ್ಲುತ್ತದೆ. ತೊಡಕು ಬರುವುದು ನಿರೂಪಕಿಯಿಂದ. ಪರದೆಯ ಅರ್ಧದಲ್ಲಿ ಅವರು, ಇನ್ನರ್ಧದಲ್ಲಿ ಅತಿಥಿ, ಕೆಳಗೆ ಅತಿಥಿಯ ಹೆಸರು. ಸಂಜೆಯಾಗುವಷ್ಟರಲ್ಲಿ ನಿರೂಪಕಿಗೆ ಹತ್ತು ಜನರ ಹೆಸರು ಅಂಟಿರುತ್ತದೆ! ಮದ್ದೂ ಅಲ್ಲೇ ಇದೆ: ಒಂದು ಮುಖ ಎಷ್ಟು ಬೇರೆ ಬೇರೆ ಹೆಸರುಗಳೊಡನೆ ಕಾಣಿಸುತ್ತದೋ, ಪ್ರತಿ ಜೋಡಿಯ ತೂಕವನ್ನು, ಅಂದರೆ ಆ ಮುಖವೂ ಆ ಹೆಸರೂ ಎಷ್ಟು ಸಲ ಒಟ್ಟಿಗೆ ಕಂಡವು ಎಂಬ ಎಣಿಕೆಯನ್ನು, ಅಷ್ಟರಿಂದ ಭಾಗಿಸಿ. ನಿರೂಪಕಿಯ ಜೋಡಿಗಳೆಲ್ಲ ಹಗುರಾಗಿ ಉದುರುತ್ತವೆ. ಬೇರೆ ಬೇರೆ ದಿನ ಒಂದೇ ಹೆಸರಿನೊಡನೆ ಬಂದ ಅತಿಥಿಯ ಮುಖ ಉಳಿಯುತ್ತದೆ.

ಅದೇ ಜಾಗದಲ್ಲಿ ಬರುವ ಸುದ್ದಿಯ ಶೀರ್ಷಿಕೆ ಬೇರೆ ಸಮಸ್ಯೆ. 'ಇಂದು ಸಿದ್ದರಾಮಯ್ಯ ಭೇಟಿ' ಎಂದಿದ್ದರೆ ಮೇಲಿರುವ ಮುಖ ವರದಿಗಾರನದ್ದಿರಬಹುದು. ಹೆಸರು ಮತ್ತು ಹುದ್ದೆ ಮಾತ್ರ ಇರುವ ಪಟ್ಟಿಯನ್ನೇ ಒಪ್ಪಿ, ಕ್ರಿಯೆಯ ಸುಳಿವಿರುವ ಸಾಲನ್ನು ಬಿಟ್ಟುಬಿಡಿ.

ಕ್ಯಾಮೆರಾದಿಂದ ನೇರ ಬಂದ ಕಚ್ಚಾ ದೃಶ್ಯಗಳಲ್ಲಿ ಪಟ್ಟಿಯೇ ಇರುವುದಿಲ್ಲ. ಪ್ರಸಾರದಲ್ಲಿ ಹೆಸರು ಪಡೆದ ಮುಖಗಳ ಅಂಕಿಸಾಲುಗಳನ್ನು ಇವುಗಳ ಮೇಲೆ ಓಡಿಸಿದರೆ, ಒಮ್ಮೆಯೂ ತೆರೆ ಕಾಣದ ಆ ತುಣುಕುಗಳೂ ಹೆಸರು ಹಿಡಿದು ಹುಡುಕಿದರೆ ಸಿಗುತ್ತವೆ.