ದಾರಂದ ತಡವಾದರೆ ಮನೆಯೇ ತಡ

ಉಡುಪಿ ಕಡೆ ಮನೆಗೆ ಒಂದು ಕೋಣೆ ಸೇರಿಸಿ ಕಟ್ಟುವವರು ಮಾರ್ಚ್-ಏಪ್ರಿಲ್‌ನಲ್ಲಿ ಕೇಳುವ ಪ್ರಶ್ನೆ ಒಂದೇ. ಮಳೆಗೆ ಮೊದಲು ಮುಗಿಯುತ್ತದಾ? ಮೇಸ್ತ್ರಿ ಮುಗಿಯುತ್ತದೆ ಅನ್ನುತ್ತಾರೆ. ಅವರು ಅನುಭವದಿಂದ ಹೇಳುವುದು, ಸುಳ್ಳಲ್ಲ. ಆದರೆ ಅದನ್ನು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ನೋಡಬಹುದು, ಮತ್ತು ಹಾಗೆ ನೋಡಿದಾಗ ಅವಸರ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದು ನಾವು ಅಂದುಕೊಂಡದ್ದಕ್ಕಿಂತ ಬೇರೆಯೇ ಆಗಿರುತ್ತದೆ.

ಮೊದಲು ಕೆಲಸಗಳನ್ನೂ ಅವಕ್ಕೆ ಬೇಕಾದ ದಿನಗಳನ್ನೂ ಬರೆಯಿರಿ. ಪಂಚಾಂಗ, ಅಂದರೆ ಅಡಿಪಾಯ, 8 ದಿನ. ಬಾಗಿಲಿನ ದಾರಂದ, ಕಿಟಕಿಯ ಚೌಕಟ್ಟು ಆಚಾರಿಯ ಕೈಯಿಂದ ಬರಲು 12 ದಿನ. ಲಿಂಟಲ್ ಸೇರಿ ಕೆಂಪು ಕಲ್ಲಿನ ಗೋಡೆ 10. ಸೆಂಟ್ರಿಂಗ್ ಮತ್ತು ಕಬ್ಬಿಣ ಕಟ್ಟುವುದು 5. ಸ್ಲ್ಯಾಬ್ ಒಳಗೆ ವೈರಿಂಗ್ ಪೈಪ್ ಹಾಕಲು 1, ಕಾಂಕ್ರೀಟ್ ಹಾಕಲು 1. ಅದು ಗಟ್ಟಿಯಾಗಲು ನೀರು ನಿಲ್ಲಿಸಿ ಬಿಡುವ ಕ್ಯೂರಿಂಗ್ 14. ಒಳಗಿನ ಸಾರಣೆ 6, ಹೊರಗಿನ ಸಾರಣೆ 4, ಟೈಲ್ಸ್ 4, ಬಾಗಿಲು ಕೂರಿಸಿ ಬಣ್ಣ ಹಚ್ಚಲು 5. ಇದು ಒಂದು ಉದಾಹರಣೆಯ ಲೆಕ್ಕ, ನಿಮ್ಮ ಮೇಸ್ತ್ರಿಯ ಅಂಕಿಗಳು ಬೇರೆ ಇರಬಹುದು.

ಒಂದೊಂದು ಕೆಲಸಕ್ಕೂ ಅದರ ದಿನಗಳಷ್ಟು ಉದ್ದದ ಪಟ್ಟಿ ಎಳೆದರೆ ಗ್ಯಾಂಟ್ ಚಾರ್ಟ್ ಆಯಿತು. ಆದರೆ ಬರೀ ಪಟ್ಟಿ ಎಳೆದರೆ ಅದು ಚಂದದ ಕ್ಯಾಲೆಂಡರ್ ಅಷ್ಟೇ. ಜೀವ ಬರುವುದು ಬಾಣ ಹಾಕಿದಾಗ. ಪ್ರತಿ ಕೆಲಸದ ಎದುರು ನಿಂತು ಕೇಳಬೇಕು: ಇದು ಶುರುವಾಗಲು ಏನೇನು ಮುಗಿದಿರಬೇಕು? ಗೋಡೆಗೆ ಪಂಚಾಂಗ ಮುಗಿದಿರಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮಲ್ಲಿ ದಾರಂದ ನಿಲ್ಲಿಸಿಯೇ ಅಲ್ವಾ ಕಲ್ಲು ಕಟ್ಟುವುದು? ಹಾಗಾಗಿ ಗೋಡೆಗೆ ಎರಡು ಬಾಣ ಬರುತ್ತವೆ, ಪಂಚಾಂಗದಿಂದ ಒಂದು, ದಾರಂದದಿಂದ ಒಂದು. ಎರಡರಲ್ಲಿ ಯಾವುದು ತಡವಾಗಿ ಮುಗಿಯುತ್ತದೋ ಆ ದಿನವೇ ಗೋಡೆ ಶುರು. ಎಕ್ಸೆಲ್‌ನಲ್ಲಿ B ಕಾಲಂನಲ್ಲಿ ದಿನಗಳು, C ಯಲ್ಲಿ ಶುರು, D ಯಲ್ಲಿ ಮುಕ್ತಾಯ ಇಟ್ಟುಕೊಂಡು, 2ನೇ ಸಾಲು ಪಂಚಾಂಗ, 3ನೇದು ದಾರಂದ, 4ನೇದು ಗೋಡೆ ಅಂತಾದರೆ ಇಷ್ಟು ಬರೆದರೆ ಸಾಕು:

```
C4: =MAX(D2,D3)
D4: =C4+B4
```

ಹೀಗೆ ಮುಂದಕ್ಕೆ ಲೆಕ್ಕ ಹಾಕುತ್ತಾ ಹೋಗಿ. ದಾರಂದ ಸಿಗುವುದು 12ನೇ ದಿನ, ಗೋಡೆ ಮುಗಿಯುವುದು 22ಕ್ಕೆ, ಸೆಂಟ್ರಿಂಗ್ 27ಕ್ಕೆ, ಪೈಪ್ 28ಕ್ಕೆ, ಕಾಂಕ್ರೀಟ್ 29ಕ್ಕೆ. ನೀರು ನಿಲ್ಲಿಸಿದ 14 ದಿನ ಸೇರಿ 43. ಆಮೇಲೆ ಒಳಸಾರಣೆ 49, ಟೈಲ್ಸ್ 53, ಬಾಗಿಲು-ಬಣ್ಣ 58. ಕೋಣೆ ಮುಗಿಯುವುದು 58ನೇ ದಿನ.

ಈಗ ಕೊನೆಯಿಂದ ಹಿಂದಕ್ಕೆ ಬನ್ನಿ. 58ಕ್ಕೇ ಮುಗಿಯಬೇಕಾದರೆ ಪ್ರತಿ ಕೆಲಸ ಎಷ್ಟು ತಡವಾಗಿ ಮುಗಿದರೂ ನಡೆಯುತ್ತದೆ ಅಂತ ನೋಡುವುದು. ಗೋಡೆ 12ಕ್ಕೆ ಶುರುವಾಗುವುದರಿಂದ ಪಂಚಾಂಗ 8ರ ಬದಲು 12ಕ್ಕೆ ಮುಗಿದರೂ ಏನೂ ಆಗುವುದಿಲ್ಲ. ಆ 4 ದಿನದ ಸಡಿಲಿಕೆಗೆ ಫ್ಲೋಟ್ ಅನ್ನುತ್ತಾರೆ. ಹೊರಗಿನ ಸಾರಣೆ ಸ್ಲ್ಯಾಬ್ ಆದ ಮೇಲೆ 33ಕ್ಕೆ ಮುಗಿಸಬಹುದು, ಬಣ್ಣಕ್ಕೆ ಅದು ಬೇಕಾಗುವುದು 53ಕ್ಕೆ, ಅಂದರೆ ಫ್ಲೋಟ್ 20 ದಿನ. ಉಳಿದ ಎಲ್ಲಾ ಕೆಲಸಗಳಿಗೆ ಫ್ಲೋಟ್ ಸೊನ್ನೆ. ದಾರಂದ, ಗೋಡೆ, ಸೆಂಟ್ರಿಂಗ್, ಪೈಪ್, ಕಾಂಕ್ರೀಟ್, ಕ್ಯೂರಿಂಗ್, ಒಳಸಾರಣೆ, ಟೈಲ್ಸ್, ಬಾಗಿಲು-ಬಣ್ಣ, ಈ ಸರಪಳಿಯೇ ಕ್ರಿಟಿಕಲ್ ಪಾತ್. ಇದರಲ್ಲಿ ಯಾವುದು ಒಂದು ದಿನ ತಡವಾದರೂ ಮನೆ ಒಂದು ದಿನ ತಡ.

ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಪ್ರಚಾರಕ್ಕೆ ತಂದ ಚಾರ್ಟ್‌ಗಳಲ್ಲಿ ಇಂಥ ಬಾಣಗಳು ಇರಲಿಲ್ಲ. ಹಿಂದೆ-ಮುಂದೆ ಲೆಕ್ಕ ಹಾಕುವ ಈ ವಿಧಾನವನ್ನು 1957ರ ಸುಮಾರಿಗೆ ಡ್ಯೂಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಬೆಳೆಸಿದರು. ಅವರಿಗೆ ಅದಕ್ಕೆ ಯೂನಿವ್ಯಾಕ್ ಕಂಪ್ಯೂಟರ್ ಬೇಕಾಗಿತ್ತು. ಒಂದು ಕೋಣೆಗೆ ನಮಗೆ ಮೊಬೈಲ್ ಸಾಕು.

ನಿಜವಾದ ಉಪಯೋಗ ಸಿಗುವುದು ದಿನ ಉಳಿಸಲು ಹೊರಟಾಗ. ಸಾಮಾನ್ಯವಾಗಿ ಮನೆಯವರು ಶುರುವಿನಲ್ಲೇ "ಮೇಸ್ತ್ರಿ, ಪಂಚಾಂಗಕ್ಕೆ ಇನ್ನಿಬ್ಬರು ಜನ ಹಾಕಿ" ಅನ್ನುತ್ತಾರೆ. 8 ದಿನದ್ದು 5 ದಿನಕ್ಕೆ ಮುಗಿಯುತ್ತದೆ, ಸಂಬಳ ಜಾಸ್ತಿ ಹೋಗುತ್ತದೆ, ಆದರೆ ಕೋಣೆ ಮುಗಿಯುವುದು ಅದೇ 58ಕ್ಕೆ. ದಾರಂದ ಬಾರದೆ ಕಲ್ಲು ಸುಮ್ನೆ ಅಂಗಳದಲ್ಲಿ ಬಿದ್ದಿರುತ್ತದೆ. ಅದರ ಬದಲು ಆಚಾರಿಗೆ ಮೊದಲೇ ಅಡ್ವಾನ್ಸ್ ಕೊಟ್ಟು 6 ದಿನಕ್ಕೆ ದಾರಂದ ತರಿಸಿದರೆ? ಆರು ದಿನ ಉಳಿಯುತ್ತದೆ ಅನ್ನಿಸುತ್ತದೆ, ಉಳಿಯುವುದು ನಾಲ್ಕೇ. ಯಾಕಂದರೆ ಈಗ ಪಂಚಾಂಗದ 8 ದಿನ ಅಡ್ಡ ಬಂದಿದೆ, ಕ್ರಿಟಿಕಲ್ ಪಾತ್ ಆ ಕಡೆಗೆ ಜಾರಿದೆ. ಒಂದು ಕೆಲಸ ಚಿಕ್ಕದು ಮಾಡಿದಾಗಲೆಲ್ಲಾ ಲೆಕ್ಕ ಮತ್ತೆ ಹಾಕಬೇಕಾದದ್ದು ಇದಕ್ಕೇ.

ಕ್ಯೂರಿಂಗ್‌ನ 14 ದಿನವನ್ನು ಮಾತ್ರ ಯಾರೂ ಮುಟ್ಟಬಾರದು. ಸ್ಲ್ಯಾಬ್‌ನ ಅಗಲ 4.5 ಮೀಟರ್ ದಾಟಿದರೆ ಊರುಗೋಲುಗಳನ್ನು 14 ದಿನ ತೆಗೆಯಬಾರದು ಅನ್ನುವುದು ನಮ್ಮ ಕಾಂಕ್ರೀಟ್ ಮಾನದಂಡವಾದ ಐಎಸ್ 456ರ ನಿಯಮ. ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವುದು ಒಂದು ರಾಸಾಯನಿಕ ಕ್ರಿಯೆ, ಅದಕ್ಕೆ ಹತ್ತು ಜನ ಹೆಚ್ಚು ಹಾಕಿದರೆ ಬೇಗ ಆಗುವುದಿಲ್ಲ. ಅವಸರಕ್ಕೆ ಇಲ್ಲಿ ಕೈ ಹಾಕುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಉಳಿಸುವುದಿದ್ದರೆ ಸೆಂಟ್ರಿಂಗ್‌ಗೆ ಜನ ಹೆಚ್ಚಿಸಿ 5 ದಿನವನ್ನು 4 ಮಾಡಿ. ಅದು ಸರಪಳಿಯ ಒಳಗಿದೆ, ಆ ಒಂದು ದಿನ ನಿಜವಾಗಿ ಸಿಗುತ್ತದೆ.

ದಿನಗಳನ್ನು ತಾರೀಕಿಗೆ ತರುವಾಗಲೂ ಈ 14 ಬೇರೆಯೇ ಲೆಕ್ಕ. ಜನಕ್ಕೆ ಭಾನುವಾರ ರಜೆ, ಕಾಂಕ್ರೀಟ್‌ಗೆ ಇಲ್ಲ. ಉಳಿದ 44 ಕೆಲಸದ ದಿನಗಳಿಗೆ ಭಾನುವಾರ ಸೇರಿಸಿದರೆ ಸುಮಾರು 51, ಅದಕ್ಕೆ 14 ಸೇರಿ 65. ಏಪ್ರಿಲ್ 1ಕ್ಕೆ ಶುರು ಮಾಡಿದರೆ ಮುಗಿಯುವುದು ಜೂನ್ 4ರ ಹೊತ್ತಿಗೆ, ಅಂದರೆ ಕರಾವಳಿಗೆ ಸಾಮಾನ್ಯವಾಗಿ ಮುಂಗಾರು ಕಾಲಿಡುವ ವಾರದಲ್ಲೇ. ನಡುವೆ ಬಿಸು ಹಬ್ಬದ ರಜೆಯನ್ನು ಇನ್ನೂ ಸೇರಿಸಿಲ್ಲ.

ಚಾರ್ಟ್ ಸರಿಯಿದೆಯೇ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ದಾರಂದದ 12 ಇದ್ದಲ್ಲಿ 15 ಹಾಕಿ ನೋಡಿ. ಕೊನೆಯ ದಿನ 61 ಆಗಬೇಕು. ಆಗದಿದ್ದರೆ ಎಲ್ಲೋ ಬಾಣ ಬಿಟ್ಟುಹೋಗಿದೆ, ಅಥವಾ ಯಾರೋ ಲೆಕ್ಕದ ಬದಲು ತಾರೀಕನ್ನೇ ಟೈಪ್ ಮಾಡಿದ್ದಾರೆ. ಹೆಚ್ಚಾಗಿ ಬಿಟ್ಟುಹೋಗುವುದು ವೈರಿಂಗ್ ಪೈಪ್‌ನಂಥ ಒಂದೇ ದಿನದ ಕೆಲಸ. ಪೈಪ್ ಹಾಕಬೇಕಾದ ದಿನ ಎಲೆಕ್ಟ್ರಿಷಿಯನ್ ಬೇರೆ ಸೈಟಿನಲ್ಲಿದ್ದರೆ ಸೆಂಟ್ರಿಂಗ್ ಹಾಗೇ ಕಾಯುತ್ತಾ ನಿಲ್ಲುತ್ತದೆ.

ಇನ್ನು ಹೊರಗಿನ ಸಾರಣೆಯ ಆ 20 ದಿನ. ಬಾಣಗಳ ಪ್ರಕಾರ ಅದನ್ನು ಕೊನೆಯವರೆಗೆ ತಳ್ಳಬಹುದು. ಆದರೆ ಬಾಣಗಳಿಗೆ ಮಳೆ ಗೊತ್ತಿಲ್ಲ, ಸಾರಣೆ ಮಾಡುವ ಜನ ಎಷ್ಟಿದ್ದಾರೆ ಅಂತಲೂ ಗೊತ್ತಿಲ್ಲ. ಹೊರಗೂ ಒಳಗೂ ಸಾರಣೆ ಮಾಡುವವರು ಒಂದೇ ತಂಡವಾದರೆ, ತಳ್ಳಿದ ಕೆಲಸ ಒಳಸಾರಣೆಯ ದಿನಗಳ ಮೇಲೇ ಬಂದು ಬೀಳುತ್ತದೆ, ಆಗ ಫ್ಲೋಟ್ ಕಾಗದದ ಮೇಲೆ ಮಾತ್ರ. ಸ್ಲ್ಯಾಬ್‌ಗೆ ನೀರು ನಿಲ್ಲಿಸಿದ 14 ದಿನ ಆ ತಂಡಕ್ಕೆ ನಮ್ಮಲ್ಲಿ ಬೇರೆ ಕೆಲಸವಿಲ್ಲ. ಬಿಟ್ಟರೆ ಇನ್ನೊಂದು ಮನೆಗೆ ಹೋಗುತ್ತಾರೆ, 43ನೇ ದಿನ ಸರಿಯಾಗಿ ವಾಪಸ್ ಬರುತ್ತಾರೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಹೊರಗಿನ ಸಾರಣೆಯನ್ನು ಅದೇ 14 ದಿನದೊಳಗೆ ಇಟ್ಟು, ಅದು ಮುಗಿದ ಮೇಲೆಯೇ ಒಳಸಾರಣೆ ಅಂತ ಇನ್ನೊಂದು ಬಾಣ ಎಳೆದುಬಿಡಿ. ಒಟ್ಟು 58 ಹಾಗೇ ಉಳಿಯುತ್ತದೆ, ಹೊರಸಾರಣೆಯ ಫ್ಲೋಟ್ ಮಾತ್ರ 20ರಿಂದ 10ಕ್ಕೆ ಇಳಿಯುತ್ತದೆ.