ಕಳ್ಳೇಬೀಜದ ಕಮೆಂಟ್ ಎಲ್ಲಿ ಹೋಯಿತು?

ನನ್ನ ಚಿಕ್ಕಮ್ಮನ ಮಗಳು ಅಡುಗೆ ವಿಡಿಯೊ ಮಾಡುತ್ತಾಳೆ. ಅವಳ ಚಟ್ನಿಪುಡಿ ವಿಡಿಯೊದ ಕೆಳಗೆ ಯಾರೋ ಕೇಳಿದ್ದ ಪ್ರಶ್ನೆಗೆ, ‘ಕಳ್ಳೇಬೀಜ ಸಣ್ಣ ಉರಿಯಲ್ಲೇ ಹುರಿಯಿರಿ, ಇಲ್ಲದಿದ್ದರೆ ಕಹಿ ಬರುತ್ತೆ’ ಎಂದು ಉತ್ತರ ಬರೆದೆ. ನನ್ನ ಫೋನಿನಲ್ಲಿ ಅದು ಸರಿಯಾಗಿಯೇ ಕಾಣುತ್ತಿತ್ತು. ಸಂಜೆ ಅವಳು ಫೋನ್ ಮಾಡಿದಾಗ ವಿಷಯ ಹೇಳಿದರೆ, ‘ಅಣ್ಣ, ನೀನು ಏನೂ ಬರೆದೇ ಇಲ್ವಲ್ಲ’ ಎಂದಳು.

ಇಂಥ ಹೊತ್ತಿನಲ್ಲಿ ಮೊದಲು ಅನುಮಾನ ಹೋಗುವುದು ನೆಟ್‌ವರ್ಕ್ ಮೇಲೆ. ಆದರೆ ತಾಂತ್ರಿಕ ದೋಷದ ನಡವಳಿಕೆಯೇ ಬೇರೆ. ಕಮೆಂಟ್ ಒತ್ತಿದ ಕೂಡಲೇ ಆ್ಯಪ್ ಅದನ್ನು ನಮ್ಮ ಪರದೆಯ ಮೇಲೆ ತೋರಿಸಿಬಿಡುತ್ತದೆ. ಸರ್ವರ್ ತಲುಪುವುದು ಆಮೇಲೆ. ದಾರಿಯಲ್ಲಿ ತಪ್ಪಿಹೋದರೆ ಎಚ್ಚರಿಕೆ ಬರುತ್ತದೆ, ಇಲ್ಲವೇ ಪುಟವನ್ನು ಮತ್ತೆ ತೆರೆದಾಗ ಕಮೆಂಟ್ ನಮಗೂ ಕಾಣುವುದಿಲ್ಲ. ನಾನು ಆ್ಯಪ್ ಮುಚ್ಚಿ ತೆರೆದೆ, ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಿ ನೋಡಿದೆ. ಎರಡೂ ಕಡೆ ನನ್ನ ಉತ್ತರ ಇತ್ತು. ಅಂದರೆ ಅದು ಸರ್ವರ್ ತಲುಪಿದೆ, ನನಗೆ ಮಾತ್ರ ಕಾಣುತ್ತಿದೆ. ಬರೆದವರಿಗೆ ಕಾಣುವ, ಉಳಿದವರಿಗೆ ಕಾಣದ ಕಮೆಂಟ್ ಬಹುಪಾಲು ಯಾವುದೋ ಒಂದು ಸೆಟ್ಟಿಂಗ್‌ನ ಕೆಲಸ.

‘3 ಉತ್ತರಗಳು’ ಎಂದಿದ್ದು ತೆರೆದರೆ ಎರಡೇ ಇರುವುದನ್ನು ಕೆಲವರು ಸಾಕ್ಷಿಯೆಂದು ಹಿಡಿಯುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಎಣಿಕೆಯನ್ನೂ ಪಟ್ಟಿಯನ್ನೂ ಬೇರೆಬೇರೆಯಾಗಿ ಇಟ್ಟಿರುವ ಕಡೆ ಅವು ಹೊಂದದೆ ಹೋಗಲು ಹಲವು ಕಾರಣಗಳಿರುತ್ತವೆ.

ಸೆಟ್ಟಿಂಗ್‌ಗಳಲ್ಲೂ ಎರಡು ಬಗೆ. ಒಂದು ವ್ಯಕ್ತಿಯನ್ನು ತಡೆಯುತ್ತದೆ, ಇನ್ನೊಂದು ಪದವನ್ನು. ಇನ್‌ಸ್ಟಾಗ್ರಾಮ್ 2019ರಲ್ಲಿ ತಂದ ರಿಸ್ಟ್ರಿಕ್ಟ್ ಮೊದಲ ಬಗೆಯದು: ನಿರ್ಬಂಧಕ್ಕೊಳಗಾದವರ ಕಮೆಂಟ್ ಅವರಿಗೆ ಕಾಣುತ್ತಲೇ ಇರುತ್ತದೆ, ಖಾತೆಯವರು ಒಪ್ಪಿದರೆ ಮಾತ್ರ ಉಳಿದವರಿಗೆ ಕಾಣುತ್ತದೆ. ನಿರ್ಬಂಧಿಸಿದ ಸೂಚನೆ ಅವರಿಗೆ ಹೋಗುವುದಿಲ್ಲ. ಯೂಟ್ಯೂಬಿನಲ್ಲಿ ಚಾನೆಲ್‌ನವರು ತಡೆಪದಗಳ ಪಟ್ಟಿ ಇಟ್ಟುಕೊಳ್ಳಬಹುದು. ಅಂಥ ಪದವಿರುವ ಕಮೆಂಟ್ ಪರಿಶೀಲನೆಗೆಂದು 60 ದಿನಗಳವರೆಗೆ ಒಳಗೇ ಉಳಿಯಬಹುದು.

ಇವೆರಡನ್ನು ಬೇರ್ಪಡಿಸಲು ಅದೇ ವಿಡಿಯೊದ ಕೆಳಗೆ ‘ಚೆನ್ನಾಗಿದೆ’ ಎಂದಷ್ಟೇ ಬರೆದೆ. ತಂಗಿಗೆ ತಕ್ಷಣ ಕಂಡಿತು. ಅಲ್ಲಿಗೆ ತಡೆ ನನ್ನ ಮೇಲಲ್ಲ ಎಂದಾಯಿತು. ಆಮೇಲೆ ಮೊದಲಿನ ವಾಕ್ಯವನ್ನೇ ‘ಕಡಲೆಬೀಜ’ ಎಂದು ತಿದ್ದಿ ಹಾಕಿದೆ, ಅದೂ ಕಂಡಿತು. ಹಾಗಾದರೆ ಸಿಕ್ಕಿಬಿದ್ದದ್ದು ‘ಕಳ್ಳೇಬೀಜ’. ಈ ಪರೀಕ್ಷೆಯನ್ನು ಎರಡು ಮೂರು ಸಲಕ್ಕೆ ನಿಲ್ಲಿಸಬೇಕು. ಒಂದೇ ಮಾತನ್ನು ಮತ್ತೆ ಮತ್ತೆ ಹಾಕಿದರೆ ಸ್ಪ್ಯಾಮ್ ಎಂದೇ ತಡೆಯಾಗಿ ಗೊಂದಲ ಹೆಚ್ಚುತ್ತದೆ. ಯಾರ ಫೋನಿನಲ್ಲಿ ನೋಡುತ್ತೇವೆ ಎಂಬುದೂ ಮುಖ್ಯ. ಫೇಸ್‌ಬುಕ್ ಪುಟದವರು ಮರೆಮಾಡಿದ ಕಮೆಂಟ್ ಬರೆದವರಿಗೂ ಅವರ ಸ್ನೇಹಿತರಿಗೂ ಕಾಣುತ್ತದೆ, ಆದ್ದರಿಂದ ಗೆಳೆಯನ ಫೋನಿನಲ್ಲಿ ಕಂಡಿತೆಂದು ಸಮಾಧಾನ ಪಡುವಂತಿಲ್ಲ.

ತಂಗಿ ಪಟ್ಟಿ ತೆರೆದಳು. ಹಿಂದೊಮ್ಮೆ ಯಾರೋ ಅವಳನ್ನು ‘ರೆಸಿಪಿ ಕಳ್ಳಿ’ ಎಂದು ಜರೆದಿದ್ದರಂತೆ. ನೊಂದುಕೊಂಡು ‘ಕಳ್ಳ’ ಎಂಬ ಪದವನ್ನು ಸೇರಿಸಿದ್ದಳು. ಅಲ್ಲೇ ಇದೆ ಕನ್ನಡದ ಸೂಕ್ಷ್ಮ. ‘ಕಳ್ಳ’ ಎಂಬುದು ಕಂಪ್ಯೂಟರಿಗೆ ನಾಲ್ಕು ಸಂಕೇತಗಳು: ಕ, ಳ, ಒತ್ತಕ್ಷರ ತರುವ ಹಲಂತ, ಮತ್ತೆ ಳ. ಕೊನೆಯ ಅಕಾರಕ್ಕೆ ಬೇರೆ ಸಂಕೇತವಿಲ್ಲ, ಅದು ಅಕ್ಷರದೊಳಗೇ ಅಡಗಿದೆ. ‘ಕಳ್ಳೇಬೀಜ’ದಲ್ಲೂ ಮೊದಲಿನ ನಾಲ್ಕು ಸಂಕೇತ ಇವೇ, ಆಮೇಲೆ ಏಕಾರದ ಚಿಹ್ನೆ. ನಮ್ಮ ಕಣ್ಣಿಗೆ ಳ್ಳ ಬೇರೆ, ಳ್ಳೇ ಬೇರೆ. ಪದದ ತುಣುಕು ಹುಡುಕುವ ಫಿಲ್ಟರಿಗೆ ಮಾತ್ರ ಕಳ್ಳೇಬೀಜದಲ್ಲೂ ಬೇಲಿಯ ಕಳ್ಳಿಯಲ್ಲೂ ಕಳ್ಳನೇ ಸಿಗುತ್ತಾನೆ. ಇಂಗ್ಲಿಷ್ ಅಕ್ಷರದಲ್ಲಿ kalla ಎಂದು ತಡೆದರೆ kallangadi, ಅಂದರೆ ಕಲ್ಲಂಗಡಿಯೂ ಸಿಕ್ಕಿಬೀಳುತ್ತದೆ. 1996ರಲ್ಲಿ ಇಂಗ್ಲೆಂಡಿನ ಸ್ಕಂತಾರ್ಪ್ ಊರಿನವರಿಗೆ ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲಾಗದೆ ಹೋದದ್ದೂ ಊರಿನ ಹೆಸರಿನೊಳಗೆ ಒಂದು ಬೈಗುಳ ಅಡಗಿದ್ದರಿಂದ.

ಇಡೀ ಪದ ಹೊಂದಿದರೆ ಮಾತ್ರ ತಡೆಯುವ ಫಿಲ್ಟರ್ ಇದ್ದರೆ ಬೀಜ ಪಾರಾಗುತ್ತದೆ, ಜೊತೆಗೆ ‘ಕಳ್ಳನನ್ನು’, ‘ಕಳ್ಳರಿಗೆ’ ಕೂಡ ಪಾರಾಗುತ್ತವೆ. ನಮ್ಮ ವಿಭಕ್ತಿಗಳು ಪದಕ್ಕೆ ಅಂಟಿಕೊಂಡೇ ಬರುತ್ತವಲ್ಲ.

ಹೊರಗಿನಿಂದ ಗೊತ್ತಾಗದ ಸಂಗತಿಯೂ ಇದೆ. ಬೇರೆಯವರಿಗೆ ಸ್ವಲ್ಪ ಹೊತ್ತು ಕಂಡು ಆಮೇಲೆ ಹೋದ ಕಮೆಂಟನ್ನು ಒಬ್ಬರು ಕೈಯಾರೆ ತೆಗೆದರೋ, ತಡವಾಗಿ ಓಡಿದ ಸ್ಪ್ಯಾಮ್ ಜಾಲಾಟ ತೆಗೆಯಿತೋ ಹೇಳಲಾಗದು. ಪದದ ಫಿಲ್ಟರ್ ಸಾಮಾನ್ಯವಾಗಿ ಬರೆದ ಕ್ಷಣದಲ್ಲೇ ಹಿಡಿಯುತ್ತದೆ.

ತಂಗಿ ‘ಕಳ್ಳ’ ತೆಗೆದು ‘ರೆಸಿಪಿ ಕಳ್ಳಿ’ ಎಂಬ ಜೋಡಿಪದವನ್ನು ಹಾಕಿದಳು. ಪರಿಶೀಲನೆಗೆ ಕಾದಿದ್ದವುಗಳಲ್ಲಿ ನನ್ನ ಉತ್ತರದ ಜೊತೆ ಇನ್ನೂ ಕೆಲವು ಇದ್ದವು. ಒಬ್ಬರು ಕೇಳಿದ್ದರು: ‘ಮಗುವಿಗೆ ಕಳ್ಳೇಬೀಜ ಆಗಲ್ಲ, ಬದಲಿಗೆ ಏನು ಹಾಕಲಿ ಅಕ್ಕ?’ ಅವಳು ಮೊದಲು ಅದಕ್ಕೆ ಉತ್ತರ ಬರೆಯಲು ಕೂತಳು.